ಕೊಬ್ಬರಿ ಮಂಡಿಯ ಲೆಕ್ಕ ಎರಡನೇ ಸ್ಲೈಡಿಗೆ ಬಂದದ್ದು: ಒಂದು ರೆಸ್ಯೂಮ್ ಕ್ಯಾರೊಸೆಲ್‌ನ ಪ್ರಕರಣ

ತಿಪಟೂರಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಒಂದು ದಿನ ಫೋನ್ ಮಾಡಿದರು. "ನೋಡಮ್ಮ, ಬಿಸಿಎ, ಬಿಕಾಂ ಫೈನಲ್ ಇಯರ್ ಮಕ್ಕಳಿಗೆ ರೆಸ್ಯೂಮ್ ಬರೆಯೋದು ಹೇಗೆ ಅಂತ ಒಂದು ಹತ್ತು ಸ್ಲೈಡ್ ಮಾಡಿಕೊಡು. ಕೈಗೆ ಹಾಳೆ ಕೊಟ್ರೆ ಓದಲ್ಲ. ಫೋನಲ್ಲಾದ್ರೆ ಬೆರಳಲ್ಲಿ ಸರಿಸ್ಕೊಂಡು ನೋಡ್ತಾರೆ" ಅಂದರು. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಫ್ರೆಷರ್‌ಗಳನ್ನು ಆರಿಸುವ ಕೆಲಸದಲ್ಲಿ ಇದ್ದೇನೆ. ಇದೇನು ಮಹಾ ಅಂತ ಒಂದು ಸಂಜೆ ಕೂತು, ಬೆರಳಲ್ಲಿ ಸರಿಸುತ್ತಾ ನೋಡುವ ಹತ್ತು ಸ್ಲೈಡಿನ ಕ್ಯಾರೊಸೆಲ್ ಮಾಡಿ ಕಳಿಸಿದೆ.

ಆ ಹತ್ತರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಕ್ರಮ ಮಾತ್ರ ತಪ್ಪಾಗಿತ್ತು. ರೆಸ್ಯೂಮನ್ನು ಮೇಲಿಂದ ಕೆಳಗೆ ಓದಿದರೆ ಏನೇನು ಸಿಗುತ್ತದೋ ಅದೇ ಸಾಲಿನಲ್ಲಿ ನಾನು ಸಲಹೆ ಜೋಡಿಸಿದ್ದೆ. ಮೊದಲು ಫೋಟೋ, ಆಮೇಲೆ ಫಾಂಟು, ಆಮೇಲೆ ಕರಿಯರ್ ಆಬ್ಜೆಕ್ಟಿವ್, ಓದು, ಸ್ಕಿಲ್ಸ್. ಪ್ರಾಜೆಕ್ಟು ಮತ್ತು ಅನುಭವದ ಮಾತು ಏಳನೇ ಸ್ಲೈಡಿನಲ್ಲಿ ಇತ್ತು.

ಇದು ತಪ್ಪು ಅಂತ ತೋರಿಸಿಕೊಟ್ಟಿದ್ದು ಬಿಸಿಎ ಓದುತ್ತಿದ್ದ ಒಬ್ಬ ಹುಡುಗಿ. ಸ್ಲೈಡ್ ನೋಡುವ ಮೊದಲಿನ ರೆಸ್ಯೂಮು ಮತ್ತು ನೋಡಿ ತಿದ್ದಿದ ರೆಸ್ಯೂಮು, ಎರಡನ್ನೂ ನನಗೆ ಕಳಿಸಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಫೋಟೋ ಬದಲಾಗಿತ್ತು, ನೀಲಿ ಬ್ಯಾಗ್ರೌಂಡ್ ಹೋಗಿ ಬಿಳಿ ಬಂದಿತ್ತು. ಫಾಂಟು ಅಚ್ಚುಕಟ್ಟಾಗಿತ್ತು. ಆಬ್ಜೆಕ್ಟಿವ್‌ನ ನಾಲ್ಕು ಸಾಲು ಎರಡಾಗಿತ್ತು. ಅಷ್ಟೇ. ಅಲ್ಲಿಂದ ಕೆಳಗೆ ಒಂದು ಅಕ್ಷರವೂ ಅಲುಗಾಡಿರಲಿಲ್ಲ. ಮೂರು ಸ್ಲೈಡ್ ನೋಡಿದ್ದಾಳೆ, ಮೂರನ್ನೂ ನಿಷ್ಠೆಯಿಂದ ಪಾಲಿಸಿದ್ದಾಳೆ, ಬಸ್ಸು ಬಂದಿದೆ, ಹೋಗಿದ್ದಾಳೆ. ಹೊಸ ರೆಸ್ಯೂಮು ನನ್ನ ಟೇಬಲ್ಲಿಗೆ ಬಂದಿದ್ದರೂ ಹಳೆಯದರ ಗತಿಯೇ ಆಗುತ್ತಿತ್ತು.

ನೋಡುವವರು ಯಾವ ಸ್ಲೈಡಿನಲ್ಲಿ ಬೇಕಾದರೂ ಎದ್ದು ಹೋಗಬಹುದು. ಹಾಗಾಗಿ ಪ್ರತಿ ಸ್ಲೈಡಿಗೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇಲ್ಲಿಗೇ ಬಿಟ್ಟು ಹೋದವರ ರೆಸ್ಯೂಮು ಎಷ್ಟು ಸುಧಾರಿಸಿರುತ್ತದೆ? ಹಾಗೆ ನೋಡಿದರೆ ಅತಿ ದೊಡ್ಡ ಬದಲಾವಣೆ ತರುವುದು ಮೊದಲು ಬರಬೇಕು. ಆದರೆ ಅತಿ ದೊಡ್ಡದು ಯಾವುದು? ನನಗೆ ಗೊತ್ತು ಅಂತ ನಾನು ಅಂದುಕೊಂಡಿದ್ದೆ. ಸುಮ್ನೆ ಅಂದಾಜಿಗೆ ಜೋಡಿಸಿದರೆ ಮತ್ತೆ ಎಡವಬಹುದು ಅನಿಸಿ, ಆ ಹುಡುಗಿಯ ರೆಸ್ಯೂಮನ್ನೇ ಪರೀಕ್ಷೆಗೆ ಇಟ್ಟೆ. ಅವಳು ಒಪ್ಪಿದ ಮೇಲೆಯೇ.

ಒಂದು ರೆಸ್ಯೂಮು, ಐದು ಪ್ರತಿ

ಮೊದಲು ಆ ರೆಸ್ಯೂಮು ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಎರಡು ಪುಟ. ಎಡಗಡೆ ಬಣ್ಣದ ಪಟ್ಟಿ, ಅದರೊಳಗೆ ಫೋಟೋ, ಅದರ ಕೆಳಗೆ ಸ್ಕಿಲ್ಸ್. ಸಿ, ಜಾವಾ, ಪೈಥಾನ್, ಎಕ್ಸೆಲ್, ಲೀಡರ್‌ಶಿಪ್, ಟೀಮ್ ವರ್ಕ್. ಒಂದೊಂದರ ಮುಂದೆಯೂ ಐದರಲ್ಲಿ ಇಷ್ಟು ಅಂತ ನಕ್ಷತ್ರ. ಜಾವಾಕ್ಕೆ ನಾಲ್ಕು ನಕ್ಷತ್ರ ಯಾರು ಕೊಟ್ಟರು ಅಂತ ಕೇಳಿದರೆ ಉತ್ತರ ಇಲ್ಲ, ಅವಳೇ ಕೊಟ್ಟುಕೊಂಡಿದ್ದು. ಬಲಗಡೆ ಆಬ್ಜೆಕ್ಟಿವ್, ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ. ಎರಡನೇ ಪುಟದಲ್ಲಿ 'ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್' ಅಂತ ಒಂದೇ ಸಾಲಿನ ಪ್ರಾಜೆಕ್ಟು. ಆಮೇಲೆ ಅಪ್ಪನ ಹೆಸರು, ಹುಟ್ಟಿದ ದಿನ, ಅವಿವಾಹಿತೆ, ಹವ್ಯಾಸ ಹಾಡು ಕೇಳುವುದು. ಕೊನೆಗೆ 'ಮೇಲಿನ ಮಾಹಿತಿ ನನಗೆ ತಿಳಿದಮಟ್ಟಿಗೆ ಸತ್ಯ' ಅಂತ ಡಿಕ್ಲರೇಷನ್ನು, ಸಹಿಗೆ ಜಾಗ.

ಸ್ಲೈಡ್ ವಿಚಾರಕ್ಕೆ ಅವಳ ಹತ್ತಿರ ಫೋನಲ್ಲಿ ಮಾತಾಡುವಾಗ, ಎಕ್ಸೆಲ್‌ಗೆ ಯಾಕೆ ಐದೂ ನಕ್ಷತ್ರ ಅಂತ ಕೇಳಿದೆ.

"ಅದು ನಂಗೆ ಚೆನ್ನಾಗಿ ಬರುತ್ತೆ ಅಕ್ಕ. ಚಿಕ್ಕಪ್ಪನ ಮಂಡಿ ಲೆಕ್ಕ ಎಲ್ಲಾ ನಾನೇ ನೋಡ್ಕೊಳ್ಳೋದು."

"ಯಾವ ಲೆಕ್ಕ?"

"ಕೊಬ್ಬರಿದು. ಯಾರು ಎಷ್ಟು ಚೀಲ ತಂದ್ರು, ತೂಕ ಎಷ್ಟು, ಯಾವ ರೇಟಿಗೆ ಹೋಯ್ತು, ಯಾರಿಗೆ ಎಷ್ಟು ದುಡ್ಡು ಬಾಕಿ. ಮುಂಚೆ ಪುಸ್ತಕದಲ್ಲಿ ಇತ್ತು. ನಾನು ಸೆಕೆಂಡ್ ಇಯರಲ್ಲಿ ಎಕ್ಸೆಲ್‌ಗೆ ಹಾಕ್ದೆ."

"ಇದು ರೆಸ್ಯೂಮಲ್ಲಿ ಎಲ್ಲಿದೆ?"

ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಅದನ್ನೂ ಹಾಕ್ಬಹುದಾ ಅಕ್ಕ? ಅದು ಮನೆ ಕೆಲಸ ಅಲ್ವಾ?"

ತಿಪಟೂರಿನ ಎಪಿಎಂಸಿ ಎಂದರೆ ಕೊಬ್ಬರಿಯ ದೊಡ್ಡ ಮಾರುಕಟ್ಟೆ. ಟೆಂಡರ್ ದಿನ ಮಂಡಿಯ ಲೆಕ್ಕ ಇಡುವುದು ಹುಡುಗಾಟವಲ್ಲ. ಆ ಶೀಟು ಕಳಿಸು ಅಂದೆ. ಕಳಿಸಿದಳು. ಒಂದು ಹಾಳೆಯಲ್ಲಿ ದಿನದ ನಮೂದು, ಇನ್ನೊಂದರಲ್ಲಿ ರೈತರ ಪಟ್ಟಿ. ರೈತರ ಹೆಸರಿನ ಮುಂದೆ ಅವರಿಗೆ ಸಲ್ಲಬೇಕಾದ ಒಟ್ಟು ಮೊತ್ತ ತಾನೇ ಬರುವಂತೆ ಈ ಸೂತ್ರ:

```
=SUMIFS(Entry!F:F, Entry!B:B, A2)
```

ದಿನದ ಹಾಳೆಯ `B` ಕಾಲಂನಲ್ಲಿ ರೈತರ ಹೆಸರು, `F` ಕಾಲಂನಲ್ಲಿ ಮೊತ್ತ. ಈ ಹೆಸರಿನವರ ಮೊತ್ತವನ್ನೆಲ್ಲ ಕೂಡು ಅಂತ ಅರ್ಥ. ಒಂದೇ ಹೆಸರಿನ ಇಬ್ಬರು ರೈತರಿದ್ದರೆ ಲೆಕ್ಕ ಬೆರೆಯುತ್ತದೆ ಅಂತ ಅವಳಿಗೆ ಒಂದು ಸಲ ಪೆಟ್ಟು ಬಿದ್ದು ಗೊತ್ತಾಗಿತ್ತು. ಅದಕ್ಕೇ ಹೆಸರಿನ ಜೊತೆ ಊರನ್ನೂ ಸೇರಿಸಿದ್ದಳು. ಕಂಪನಿಯ ಅಂಕಿಅಂಶ ಜೋಡಿಸಿ ವರದಿ ತಯಾರಿಸುವ ಎಂಐಎಸ್ ಕೆಲಸಕ್ಕೆ ಬರುವ ಹುಡುಗರಿಗೆ ನಾವು ಇಂಟರ್‌ವ್ಯೂನಲ್ಲಿ ಕೇಳುವುದು ಸರಿಸುಮಾರು ಇದನ್ನೇ.

ಈಗ ಪರೀಕ್ಷೆ. ಮೂಲ ರೆಸ್ಯೂಮಿನ ಐದು ಪ್ರತಿ ಮಾಡಿದೆ. ಪ್ರತಿಯೊಂದರಲ್ಲೂ ಒಂದೇ ಒಂದು ಬದಲಾವಣೆ, ಮಿಕ್ಕಿದ್ದೆಲ್ಲ ಮೊದಲಿನಂತೆ. ಒಂದರಲ್ಲಿ ಮಂಡಿ ಕೆಲಸವನ್ನು ಮೂರು ಸಾಲಲ್ಲಿ ಸೇರಿಸಿದೆ. ಇನ್ನೊಂದರಲ್ಲಿ ಹೊಸದೇನೂ ಸೇರಿಸದೆ ಜಾಗ ಮಾತ್ರ ಬದಲಿಸಿದೆ: ಪ್ರಾಜೆಕ್ಟು, ಸ್ಕಿಲ್ಸು ಮೇಲೆ, ವೈಯಕ್ತಿಕ ವಿವರ ಕೆಳಗೆ. ಮೂರನೆಯದರಲ್ಲಿ ಸ್ಕಿಲ್ಸ್ ಪಟ್ಟಿಯನ್ನು ಕೆಲಸದ ಜಾಹೀರಾತಿಗೆ ಹೊಂದಿಸಿದೆ. ನಾಲ್ಕನೆಯದರಲ್ಲಿ ಎರಡು ಕಾಲಂನ ಬಣ್ಣದ ಟೆಂಪ್ಲೇಟು ತೆಗೆದು ಒಂದೇ ಕಾಲಂ ಮಾಡಿದೆ. ಐದನೆಯದರಲ್ಲಿ ಆಬ್ಜೆಕ್ಟಿವ್ ಚೆನ್ನಾಗಿ ಬರೆದು ಕಾಗುಣಿತ ತಿದ್ದಿದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು ಹಾಕಿದೆ.

ನನ್ನ ಹಿಂದಿನ ಆಫೀಸಿನ ಗೆಳತಿಯೊಬ್ಬಳು ರೆಸ್ಯೂಮುಗಳ ಮೊದಲ ಸುತ್ತಿನ ಜರಡಿ ಹಿಡಿಯುತ್ತಾಳೆ. ಕಾಲ್ ಮಾಡಬೇಕಾದವರು, ನೋಡೋಣ ಅನ್ನುವವರು, ಬೇಡ ಅನ್ನುವವರು, ಹೀಗೆ ಅವಳದು ಮೂರು ಗುಡ್ಡೆ. ಜೂನಿಯರ್ ಎಂಐಎಸ್ ಓಪನಿಂಗ್ ಇದೆ ಅಂದುಕೊಂಡು ನೋಡು ಅಂತ ಹೇಳಿ, ಅಭ್ಯಾಸಕ್ಕೆಂದು ಇಟ್ಟಿದ್ದ ಹಳೆಯ ರೆಸ್ಯೂಮುಗಳ ನಡುವೆ ಸೇರಿಸಿ, ದಿನಕ್ಕೊಂದರಂತೆ ಕೊಟ್ಟೆ. ಮೂಲ ರೆಸ್ಯೂಮನ್ನೂ ಒಂದು ದಿನ ಕೊಟ್ಟಿದ್ದೆ. ಅದು ಬೇಡ ಗುಡ್ಡೆಗೆ ಹೋಗಿತ್ತು.

ಮಂಡಿ ಕೆಲಸ ಸೇರಿಸಿದ ಪ್ರತಿ ಮಾತ್ರ ಕಾಲ್ ಗುಡ್ಡೆಗೆ ಬಂತು. ಅದೂ ಎರಡನೇ ಪುಟದಲ್ಲಿ ಇದ್ದರೂ ಅವಳ ಕಣ್ಣಿಗೆ ಬಿತ್ತು. ಆದರೆ "ಪುಟ ತಿರುಗಿಸದೆ ಬಿಡ್ತಿದ್ದೆ, ಏನೋ ನೋಡ್ದೆ" ಅಂತಲೂ ಹೇಳಿದಳು. ಜಾಗ ಬದಲಿಸಿದ್ದು 'ನೋಡೋಣ'ಕ್ಕೆ ಹೋಯಿತು. ಜಾಹೀರಾತಿನ ಪದ ಹೊಂದಿಸಿದ್ದೂ ಅಲ್ಲಿಗೇ. "ಎಕ್ಸೆಲ್ ಅಂತ ಬರ್ದಿದಾಳೆ, ಎಲ್ಲಿ ಮಾಡಿದಾಳೆ?" ಅನ್ನುವುದು ಅವಳ ಪ್ರಶ್ನೆ. ಟೆಂಪ್ಲೇಟು ಬದಲಿಸಿದ್ದು ಬೇಡ ಗುಡ್ಡೆ. ಆಬ್ಜೆಕ್ಟಿವ್ ತಿದ್ದಿದ್ದೂ ಬೇಡ ಗುಡ್ಡೆ. ನಾನು ಅರ್ಧ ಗಂಟೆ ಕೂತು ಬರೆದ ಆಬ್ಜೆಕ್ಟಿವ್ ಹೇಗಿತ್ತು ಅಂತ ಕೇಳಿದರೆ, "ಆಬ್ಜೆಕ್ಟಿವ್ ಯಾರು ಓದ್ತಾರೆ ಕಣೇ" ಅಂದಳು.

ಓದಿದವಳು ಒಬ್ಬಳೇ, ಒಂದೇ ರೆಸ್ಯೂಮು, ಒಂದೇ ಬಗೆಯ ಕೆಲಸ. ಇದರಿಂದ ಎಲ್ಲರಿಗೂ ಇದೇ ಸರಿ ಅನ್ನಲು ಬರುವುದಿಲ್ಲ. ಕೊನೆಕೊನೆಗೆ ಅವಳಿಗೆ ಅನುಮಾನವೂ ಬಂದಿರಬಹುದು. ಆದರೆ ನನ್ನ ಹತ್ತು ಸ್ಲೈಡಿನ ಕ್ರಮ ಬಹುತೇಕ ತಲೆಕೆಳಗಾಗಿತ್ತು ಅನ್ನುವುದಕ್ಕೆ ಇಷ್ಟು ಸಾಕಾಯಿತು.

ಹೊಸ ಕ್ರಮ, ಮೇಷ್ಟ್ರ ಜೊತೆ ಜಗಳ

ಹೊಸದರಲ್ಲಿ ಹತ್ತು ಹೋಗಿ ಎಂಟು ಸ್ಲೈಡಾಯಿತು. ಮೊದಲನೆಯದರಲ್ಲಿ 'ರೆಸ್ಯೂಮ್ ಟಿಪ್ಸ್' ಅಂತ ಬರೆಯಲಿಲ್ಲ. 'ನೀವು ಮಾಡಿರುವ ಯಾವ ಕೆಲಸ ನಿಮ್ಮ ರೆಸ್ಯೂಮಿನಲ್ಲಿ ಇಲ್ಲ?' ಅಂತ ಕೇಳಿದೆ. ಎರಡನೆಯದರಲ್ಲಿ ಅದಕ್ಕೆ ಉತ್ತರ ಬರೆಯುವ ಬಗೆ. ಎರಡನೇ ಸ್ಲೈಡಿಗೆ ಇನ್ನೊಂದು ತೂಕವೂ ಇದೆ. ಮೊದಲನೆಯದನ್ನು ನೋಡಿ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ಮತ್ತೆ ತೋರಿಸುತ್ತದೆ. ಹಾಗಾಗಿ ಅದು ಒಂಟಿಯಾಗಿ ನಿಂತರೂ ಅರ್ಥವಾಗಬೇಕು. ವಾಟ್ಸಾಪಿನಲ್ಲಿ ಕಳಿಸುವವರಂತೂ ಯಾವುದೋ ಒಂದು ಸ್ಲೈಡನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಅದಕ್ಕೆ ಎಲ್ಲದರ ಮೂಲೆಯಲ್ಲೂ 2/8, 3/8 ಅಂತ ನಂಬರ್ ಹಾಕಿದೆ. ಉಳಿದವೂ ಇವೆ ಅಂತ ಆಗ ಗೊತ್ತಾಗುತ್ತದೆ.

ಎರಡನೇ ಸ್ಲೈಡಿನಲ್ಲಿ ಮೇಲೆ ಮೊದಲಿನ ಸಾಲು, ಕೆಳಗೆ ತಿದ್ದಿದ ಸಾಲು. ರೆಸ್ಯೂಮು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಮೊದಲಿನದು 'ಎಕ್ಸೆಲ್ ಚೆನ್ನಾಗಿ ಗೊತ್ತು' ಅಂತ. ತಿದ್ದಿದ್ದು ಹೀಗೆ: 'ಕುಟುಂಬದ ಕೊಬ್ಬರಿ ಮಂಡಿಯಲ್ಲಿ ಸುಮಾರು 140 ರೈತರ ಖಾತೆಯನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದೆ. 2 ವರ್ಷದಿಂದ ಪ್ರತಿ ಟೆಂಡರ್ ದಿನ ನಮೂದು ಮಾಡುತ್ತಿದ್ದೇನೆ. ಬಾಕಿ ಪಟ್ಟಿ ತೆಗೆಯಲು ಅರ್ಧ ದಿನ ಹಿಡಿಯುತ್ತಿತ್ತು, ಈಗ ಶೀಟು ತೆರೆದರೆ ಸಿಗುತ್ತದೆ.' ಏನು ಮಾಡಿದೆ, ಎಷ್ಟು ಮಾಡಿದೆ, ಯಾವುದರಿಂದ ಮಾಡಿದೆ, ಅದರಿಂದ ಏನಾಯಿತು. ಈ ನಾಲ್ಕೂ ಆ ಸಾಲುಗಳಲ್ಲಿ ಇವೆ.

ಮೂರನೆಯದು ಜಾಗದ ಮಾತು: ಆ ಸಾಲುಗಳು ಮೊದಲ ಪುಟದ ಮೇಲರ್ಧದಲ್ಲಿ ಇರಲಿ. ಗೆಳತಿ ಪುಟ ತಿರುಗಿಸದೆ ಬಿಡುತ್ತಿದ್ದೆ ಅಂದಿದ್ದೇ ಇದಕ್ಕೆ ಆಧಾರ. ನಾಲ್ಕನೆಯದು ಜಾಹೀರಾತಿನ ಪದ. ಅಲ್ಲಿ 'ಎಂಐಎಸ್ ರಿಪೋರ್ಟ್' ಅಂತ ಇದ್ದರೆ, ನೀವು ಮಾಡಿದ ಬಾಕಿ ಪಟ್ಟಿಯೂ ಒಂದು ರಿಪೋರ್ಟೇ, ಹಾಗೇ ಕರೆಯಿರಿ. ಮಾಡದೇ ಇರುವುದಕ್ಕೆ ಆ ಹೆಸರು ಅಂಟಿಸಬೇಡಿ.

ಐದನೆಯದರ ಹತ್ತಿರ ಮೇಷ್ಟ್ರು ತಕರಾರು ತೆಗೆದರು. ಅವರಿಗೆ ಸ್ಪೆಲ್ಲಿಂಗ್ ಮೊದಲು ಬರಬೇಕಿತ್ತು. "ಒಂದು ಸ್ಪೆಲ್ಲಿಂಗ್ ತಪ್ಪಿದ್ರೆ ಮುಂದೆ ಓದಲ್ಲ ಅಮ್ಮ ಯಾರೂ" ಅಂದರು. ಸರ್ ಹೇಳುವುದರಲ್ಲಿ ನಿಜ ಇಲ್ಲದೇ ಇಲ್ಲ. ಕಂಟೆಂಟ್ ರೈಟರ್ ಕೆಲಸಕ್ಕಾದರೆ ನಾನೂ ಅದನ್ನು ಮೇಲಕ್ಕೆ ತರುತ್ತಿದ್ದೆ. ಆದರೆ ಎಂಐಎಸ್, ಅಕೌಂಟ್ಸ್, ಸಪೋರ್ಟ್ ಕೆಲಸಕ್ಕೆ ಕೆಲಸ ತೋರಿಸಿದ ರೆಸ್ಯೂಮನ್ನು ಒಂದು ಸ್ಪೆಲ್ಲಿಂಗ್‌ಗೋಸ್ಕರ ನಾನು ಬಿಟ್ಟಿದ್ದಿಲ್ಲ. ಖಾಲಿ ರೆಸ್ಯೂಮನ್ನು ಅಚ್ಚುಕಟ್ಟಾದ ಸ್ಪೆಲ್ಲಿಂಗ್ ನೋಡಿ ಕರೆದದ್ದೂ ಇಲ್ಲ. ಕೊನೆಗೆ ಸ್ಪೆಲ್ಲಿಂಗು ಕೊನೆಯ ಸ್ಲೈಡಿಗೇ ಹೋಯಿತು. ಸರ್ ಒಂದು ವಾರ ಫೋನ್ ಮಾಡಲಿಲ್ಲ.

ಐದನೆಯದಕ್ಕೆ ಬಂದಿದ್ದು ಫೋನ್ ನಂಬರು. ಇದು ನನ್ನ ಮೊದಲ ಹತ್ತರಲ್ಲಿ ಇರಲೇ ಇಲ್ಲ. ಆ ಹುಡುಗಿಯ ರೆಸ್ಯೂಮಿನಲ್ಲಿದ್ದ ನಂಬರಿಗೆ ನಾನೇ ಒಂದು ಸಲ ಹಚ್ಚಿದ್ದೆ. ಎತ್ತಿದ್ದು ಅವಳ ಅಪ್ಪ. ಹಿಂದೆ ಟೆಂಡರ್ ಗದ್ದಲ, ಲಾರಿ ಹಾರ್ನು. "ಮಗಳು ಕಾಲೇಜಿಗೆ ಹೋಗವ್ಳೆ, ಯಾರು ನೀವು?" ಅಂದವರು ನಾನು ಹೇಳುವುದರೊಳಗೆ ಇಟ್ಟುಬಿಟ್ಟರು. ನಾನು ಅವರೂರಿನವಳು, ಮತ್ತೆ ಮಾಡಿದೆ. ದಿನಕ್ಕೆ ಐವತ್ತು ಕಾಲ್ ಮಾಡುವ ರಿಕ್ರೂಟರ್ ಮಾಡುವುದಿಲ್ಲ. ಊರ ಕಡೆಯ ಹೆಣ್ಣುಮಕ್ಕಳ ರೆಸ್ಯೂಮಿನಲ್ಲಿ ಅಪ್ಪನದೋ ಅಣ್ಣನದೋ ನಂಬರ್ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದನ್ನು ಎಲ್ಲಿಡಬೇಕು ಅನ್ನುವುದೇ ನನಗೆ ಜಾಸ್ತಿ ತಲೆ ತಿಂದ ಪ್ರಶ್ನೆ. ನಂಬರ್ ತಪ್ಪಿದರೆ ಮೇಲಿನ ನಾಲ್ಕು ಸ್ಲೈಡೂ ವ್ಯರ್ಥ. ಆ ಲೆಕ್ಕದಲ್ಲಿ ಇದೇ ಮೊದಲು ಬರಬೇಕು. ಆದರೆ ಈ ತಪ್ಪು ಇರುವವರು ಕೆಲವರು, ಮಾಡಿದ ಕೆಲಸವನ್ನೇ ಬರೆಯದವರು ಬಹಳ ಜನ. ಪೆಟ್ಟು ಎಷ್ಟು ದೊಡ್ಡದು ಅನ್ನುವುದರ ಜೊತೆ ಎಷ್ಟು ಜನಕ್ಕೆ ಬೀಳುತ್ತದೆ ಅನ್ನುವುದನ್ನೂ ನೋಡಬೇಕಾಯಿತು. ಎರಡನ್ನೂ ತೂಗಿ ಐದಕ್ಕೆ ಇಟ್ಟೆ. ಜೊತೆಗೆ ಮೊದಲ ಸ್ಲೈಡಿನ ಅಡಿಯಲ್ಲಿ 'ರೆಸ್ಯೂಮಿನಲ್ಲಿರುವ ನಂಬರ್ ನಿಮ್ಮದೇ ತಾನೆ?' ಅಂತ ಒಂದು ಸಣ್ಣ ಸಾಲು ಹಾಕಿದೆ. ಇದು ಸ್ವಲ್ಪ ಮೋಸದ ದಾರಿಯೇ, ಆದರೆ ಕೆಲಸ ಮಾಡುತ್ತದೆ.

ಆರನೆಯದು ಫೈಲು. ಗೆಳತಿಯ ಕಣ್ಣಿಗೆ ಟೆಂಪ್ಲೇಟು ಲೆಕ್ಕಕ್ಕೇ ಬರಲಿಲ್ಲ, ನಿಜ. ಆದರೆ ಅದೇ ಎರಡು ಕಾಲಂನ ಪಿಡಿಎಫ್ ಅನ್ನು ಒಂದು ಜಾಬ್ ಪೋರ್ಟಲ್‌ಗೆ ಹಾಕಿದಾಗ, ಫಾರ್ಮು ತಾನೇ ತುಂಬಿಕೊಳ್ಳುವ ಜಾಗದಲ್ಲಿ ಎಡವಟ್ಟಾಯಿತು. ಕಾಲೇಜಿನ ಹೆಸರಿನ ಜಾಗದಲ್ಲಿ 'ಲೀಡರ್‌ಶಿಪ್' ಬಂದು ಕೂತಿತ್ತು. ಎಡಗಡೆಯ ಸಾಲು, ಬಲಗಡೆಯ ಸಾಲು ಬೆರೆತುಹೋಗಿದ್ದವು. ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಪಿಡಿಎಫ್ ತೆರೆದು `Ctrl+A`, `Ctrl+C` ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ಓದಿ. ಸಾಲುಗಳು ಕಲಸಿಕೊಂಡು ಬಂದರೆ ಸಾಫ್ಟ್‌ವೇರ್‌ಗೂ ಹಾಗೇ ಕಾಣುವ ಸಂಭವ ಹೆಚ್ಚು. ಏನೂ ಸೆಲೆಕ್ಟೇ ಆಗದಿದ್ದರೆ ನಿಮ್ಮ ರೆಸ್ಯೂಮು ಬರೀ ಚಿತ್ರ. ಪೋರ್ಟಲ್ ಮೂಲಕವೇ ಅರ್ಜಿ ಹಾಕುವ ಊರಿನ ಮಕ್ಕಳಿಗಾದರೆ ಈ ಸ್ಲೈಡು ಮೂರಕ್ಕೆ ಬರಬೇಕು. ತಿಪಟೂರಿನ ಈ ಬ್ಯಾಚು ಹೆಚ್ಚಾಗಿ ಕ್ಯಾಂಪಸ್ ಡ್ರೈವ್ ಮತ್ತು ಪರಿಚಯದವರ ಮೂಲಕ ಹೋಗುತ್ತದೆ, ಅದಕ್ಕೆ ಆರು.

ಏಳನೆಯದರಲ್ಲಿ ತೆಗೆಯಬಹುದಾದದ್ದು: ಆಬ್ಜೆಕ್ಟಿವ್, ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಡಿಕ್ಲರೇಷನ್, ನಕ್ಷತ್ರ. ಇದ್ದರೆ ಕೆಲಸ ಕೈತಪ್ಪುವುದಿಲ್ಲ, ಜಾಗ ತಿನ್ನುತ್ತವೆ ಅಷ್ಟೇ. ಎಂಟನೆಯದು ಸ್ಪೆಲ್ಲಿಂಗು, ಫಾಂಟು, ಬಣ್ಣ, ಫೋಟೋ.

ಎರಡನೇ ಸಲ ಎಡವಿದ್ದು

ಹೊಸ ಸ್ಲೈಡ್ ಹೋದ ಮೇಲೆ ಬಂದ ರೆಸ್ಯೂಮುಗಳಲ್ಲಿ ಎರಡನೇ ಸ್ಲೈಡಿನ ಗುರುತು ಕಾಣುತ್ತಿತ್ತು. ಒಬ್ಬ ಅಪ್ಪನ ಪಂಪ್‌ಸೆಟ್ ಅಂಗಡಿಯ ಬಿಲ್ಲಿಂಗ್ ಬರೆದಿದ್ದ. ಇನ್ನೊಬ್ಬಳು ಹಾಲಿನ ಡೇರಿಯಲ್ಲಿ ಅಮ್ಮನ ಬದಲು ಲೆಕ್ಕ ಬರೆದದ್ದನ್ನು ಹಾಕಿದ್ದಳು. ಅವುಗಳ ನಡುವೆ ಇಂಥವೂ ಬಂದವು: 'ಅಂಗಡಿಯ ಕಾರ್ಯಕ್ಷಮತೆಯನ್ನು 40% ಹೆಚ್ಚಿಸಿದೆ.' 'ಗ್ರಾಹಕರ ತೃಪ್ತಿ 30% ಏರಿತು.'

ತಪ್ಪು ನನ್ನದು. ಸ್ಲೈಡಿನ ಅಡಿಯಲ್ಲಿ 'ಅಂಕಿ ಹಾಕಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಅಂಕಿ ಇಲ್ಲದವರು ಹುಟ್ಟಿಸಿಕೊಂಡರು. ಇಂಥದ್ದನ್ನು ಹಿಡಿಯುವುದು ಕಷ್ಟವಲ್ಲ. 40% ಅಂದರೆ ಎಷ್ಟಿದ್ದದ್ದು ಎಷ್ಟಾಯಿತು ಅಂತ ಕೇಳಿದರೆ ಸಾಕು. ನಿಜವಾಗಿ ಮಾಡಿದವರು ಚೀಲ, ಬಿಲ್ಲು, ಗಂಟೆಯಲ್ಲಿ ಉತ್ತರ ಕೊಡುತ್ತಾರೆ. ಮಾಡದವರು ಮತ್ತೆ ಪರ್ಸೆಂಟಿನಲ್ಲೇ ಕೊಡುತ್ತಾರೆ. ಅಂಥದ್ದೊಂದು ಸಾಲು ಸಿಕ್ಕಿಬಿದ್ದರೆ ಪಕ್ಕದ ನಿಜವಾದ ಸಾಲನ್ನೂ ಓದುವವರು ನಂಬುವುದಿಲ್ಲ. ಅಂದರೆ ನನ್ನ ಅತಿ ದೊಡ್ಡ ಸಲಹೆಯೇ ಕೆಲವರಿಗೆ ಅತಿ ದೊಡ್ಡ ಪೆಟ್ಟು ಕೊಡುವ ಹಾಗಿತ್ತು.

'ಅಂಕಿ ಹಾಕಿ' ತೆಗೆದು 'ಎಣಿಸಲು ಬರುವುದನ್ನು ಎಣಿಸಿ ಬರೆಯಿರಿ: ಎಷ್ಟು ಬಿಲ್ಲು, ಎಷ್ಟು ಜನ, ಎಷ್ಟು ತಿಂಗಳು. ಪರ್ಸೆಂಟ್ ಬೇಡ' ಅಂತ ಬದಲಿಸಿದೆ.

ಇನ್ನೊಂದು ಪ್ರಶ್ನೆಯೂ ಬಂತು. ಮನೆಯಲ್ಲಿ ಅಂಗಡಿ, ಮಂಡಿ ಇಲ್ಲದವರು ಏನು ಬರೆಯಬೇಕು? ಅವರಿಗೆ ಉಳಿಯುವುದು ಕಾಲೇಜಿನ ಪ್ರಾಜೆಕ್ಟು. ಅದನ್ನು ಎಷ್ಟೋ ಜನ ದುಡ್ಡು ಕೊಟ್ಟು ರೆಡಿಮೇಡ್ ತರುತ್ತಾರೆ ಅನ್ನುವುದು ನಮಗೂ ಗೊತ್ತು, ಮಕ್ಕಳಿಗೂ ಗೊತ್ತು. ಲೈಬ್ರರಿ ಪ್ರಾಜೆಕ್ಟಿನವರನ್ನು, ಪುಸ್ತಕ ವಾಪಸ್ ಬರದಿದ್ದರೆ ನಿಮ್ಮ ಸಾಫ್ಟ್‌ವೇರ್ ದಂಡ ಹೇಗೆ ಲೆಕ್ಕ ಹಾಕುತ್ತದೆ ಅಂತ ಕೇಳಿದರೆ ಎರಡನೇ ನಿಮಿಷಕ್ಕೆ ಗೊತ್ತಾಗುತ್ತದೆ. ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟಿನಲ್ಲಿ ದಂಡದ ಭಾಗ ಮಾತ್ರ ನಿಮ್ಮದಾದರೆ ಅಷ್ಟನ್ನೇ ಬರೆಯಿರಿ ಅಂತ ಎರಡನೇ ಸ್ಲೈಡಿಗೇ ಒಂದು ಸಾಲು ಸೇರಿಸಿದೆ. ಜಾಗ ಇಕ್ಕಟ್ಟಾಗಿ, ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿದರೆ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗಿದವು. ಅಕ್ಷರ ಸಣ್ಣದು ಮಾಡುವ ಬದಲು ಒಂದು ಉದಾಹರಣೆಯನ್ನೇ ಕಿತ್ತುಹಾಕಿದೆ. ಫೋನನ್ನು ಕೈ ಚಾಚಿ ಹಿಡಿದಾಗ ಓದಲು ಬಾರದ್ದು ಸ್ಲೈಡಿನಲ್ಲಿದ್ದೂ ಇಲ್ಲದ ಹಾಗೆ.

ಮಂಡಿ ಹುಡುಗಿಯ ರೆಸ್ಯೂಮು ಈಗ ಒಂದೇ ಪುಟ, ಒಂದೇ ಕಾಲಂ, ಅವಳದೇ ನಂಬರು. ಮೂರು ಕಡೆಯಿಂದ ಕಾಲ್ ಬಂತಂತೆ. ಒಂದು ಇಂಟರ್‌ವ್ಯೂನಲ್ಲಿ ಒಂದೇ ಹೆಸರಿನ ಇಬ್ಬರು ರೈತರ ಕಥೆಯನ್ನೇ ಹತ್ತು ನಿಮಿಷ ಕೇಳಿದರಂತೆ. ಫಲಿತಾಂಶ ಇನ್ನೂ ಬಂದಿಲ್ಲ.

ಕ್ಯಾರೊಸೆಲ್ ನೋಡಿದ ಮಕ್ಕಳಿಂದ ಇವತ್ತಿಗೂ ನನಗೆ ಮೆಸೇಜ್ ಬರುತ್ತದೆ. ಎಂಟನೇ ಸ್ಲೈಡಿನ ಕೊನೆಯ ಸಾಲಿನ ಬಗ್ಗೆಯೇ ಜಾಸ್ತಿ: "ಅಕ್ಕ, ಫೋಟೋ ಹಾಕ್ಬೇಕಾ, ಬೇಡ್ವಾ?"